ಫೋಟೊದಲ್ಲಿ ಕಾಣದ ಕಾಯಿಗಳು

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಸುತ್ತಮುತ್ತ ಎಲ್ಲಿ ನೋಡಿದರೂ ಮಾವಿನ ತೋಪು. ಜೂನ್ ತಿಂಗಳಾದ್ದರಿಂದ ಬಾದಾಮಿ, ರಸಪುರಿ ಮುಗಿಯುತ್ತ ಬಂದು ಮರಗಳಲ್ಲಿ ತೋತಾಪುರಿ ತೂಗುತ್ತಿತ್ತು. ಎಂಟನೇ ತರಗತಿಗೆ ನೇರ ಅನುಪಾತದ ಪಾಠ ಮಾಡಬೇಕಾಗಿತ್ತು. ಪಠ್ಯದ ಉದಾಹರಣೆಗಳ ಜೊತೆಗೆ ಊರಿನದೇ ಒಂದು ಉದಾಹರಣೆ ಇರಲಿ ಎಂದು, ಶಾಲೆಗೆ ಬರುವ ದಾರಿಯಲ್ಲಿದ್ದ ಒಂದು ಮರದ ಫೋಟೊ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋದೆ.

ಮಕ್ಕಳು ಫೋಟೊದ ಮೇಲೆ ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಡುತ್ತ ಎಣಿಸಿದರು. 84 ಕಾಯಿ ಬಂತು. ನಾನು ಕಪ್ಪುಹಲಗೆಯ ಮೇಲೆ ಬರೆದೆ: ನಮಗೆ ಕಂಡಿದ್ದು ಮರದ ಒಂದು ಬದಿ, ಹಿಂದೆ ಇನ್ನೊಂದು ಬದಿ ಇದೆ, ಆದ್ದರಿಂದ 84 × 2 = 168. ತರಗತಿ ಒಪ್ಪಿತು. ಕಿಟಕಿ ಪಕ್ಕದ ಬೆಂಚಿನಲ್ಲಿದ್ದ ಒಬ್ಬಳು ಮಾತ್ರ ಕೈ ಎತ್ತಿದಳು. "ಮಿಸ್, ಅದು ನಮ್ಮ ತೋಟದ ಮರ. ಒಳಗಿನ ಕಾಯಿ ಯಾರು ಎಣಿಸಿದ್ರು?"

ಸಮಯ ಮುಗಿಯುತ್ತಿತ್ತು. "ಇದು ಅಂದಾಜು ಅಷ್ಟೇ" ಎಂದು ಪಾಠ ಮುಗಿಸಿದೆ. ಹಿಂದೆ ಕುಳಿತಿದ್ದ ಮೇಲ್ವಿಚಾರಕರು ನನ್ನ ಪಾಠ ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: "2 ಎಲ್ಲಿಂದ ಬಂತು?"

ಮರುದಿನ ಆ ಹುಡುಗಿ ಇನ್ನೊಂದು ಸುದ್ದಿ ತಂದಳು. ರಾತ್ರಿ ಮನೆಯಲ್ಲಿ ನೋಟ್‌ಬುಕ್ ತೋರಿಸಿದಳಂತೆ. ಅವಳ ಅಪ್ಪ ನಕ್ಕು, "ನಿಮ್ಮ ಮಿಸ್ ಲೆಕ್ಕದಲ್ಲಿ ತೋಟ ಗುತ್ತಿಗೆಗೆ ಕೊಟ್ರೆ ನಮ್ಮ ಮನೆ ನಡೆಯಲ್ಲಮ್ಮ" ಅಂದರಂತೆ. ಇಲ್ಲಿ ಅನೇಕರು ಫಸಲನ್ನು ಮರದ ಮೇಲಿರುವಾಗಲೇ ವ್ಯಾಪಾರಿಗೆ ಕೊಡುತ್ತಾರೆ. ಮರದಲ್ಲಿ ಎಷ್ಟಿದೆ ಎಂಬ ಅಂದಾಜಿನ ಮೇಲೆಯೇ ಬೆಲೆ ನಿಲ್ಲುತ್ತದೆ. ನಾನು ಹಲಗೆಯ ಮೇಲೆ ಸುಲಭವಾಗಿ ಬರೆದ 2 ಅವರಿಗೆ ವರ್ಷದ ಸಂಪಾದನೆಯ ಪ್ರಶ್ನೆ. ಆ ವರ್ಷ ಅವರು ಗುತ್ತಿಗೆಗೆ ಕೊಡದೆ ತಾವೇ ಕೀಳಿಸಿ ಮಂಡಿಗೆ ಹಾಕುವವರಿದ್ದರು. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಕೊಯ್ಲಿನ ದಿನ ಆರು ಮಕ್ಕಳೊಂದಿಗೆ ನಾನೂ ತೋಟಕ್ಕೆ ಹೋಗುವುದೆಂದಾಯಿತು.

ಶನಿವಾರ ಮಧ್ಯಾಹ್ನ ಫೋಟೊ, ಭಾನುವಾರ ಕೊಯ್ಲು. ಆರು ಮರ ಆರಿಸಿದೆವು. ರಸ್ತೆ ಬದಿಯ ಚೆಂದದ ಮರಗಳನ್ನಷ್ಟೇ ತೆಗೆದುಕೊಳ್ಳದೆ, ಒಳಸಾಲಿನಲ್ಲಿ ಪಕ್ಕದ ಮರದ ಒತ್ತಿಗೆ ಒಂದೇ ಕಡೆ ಬೆಳೆದಿದ್ದ ಮರವನ್ನೂ ಸೇರಿಸಿಕೊಂಡೆವು. ಪಾಠದಲ್ಲಿ ತೋರಿಸಿದ ಮರವನ್ನು ಕೊನೆಯ ಪರೀಕ್ಷೆಗೆಂದು ಬೇರೆ ಇಟ್ಟೆವು. ಪ್ರತಿ ಮರಕ್ಕೂ ಕಾಂಡದಿಂದ ಹತ್ತು ಹೆಜ್ಜೆ ದೂರ ನಿಂತು ಪೂರ್ವದಿಂದ ಒಂದು, ಪಶ್ಚಿಮದಿಂದ ಒಂದು ಫೋಟೊ. ಫೋಟೊಗೆ ಮೊದಲೇ ಮರದ ಕೆಳಗೆ ಬಿದ್ದಿದ್ದ ಕಾಯಿಗಳನ್ನು ಆರಿಸಿ ತೆಗೆದೆವು. ಹಾಗಾಗಿ ರಾತ್ರಿ ಗಾಳಿಗೆ ಬಿದ್ದವು ಎಷ್ಟೆಂದು ಬೆಳಿಗ್ಗೆ ತಿಳಿಯುತ್ತಿತ್ತು. ಫೋಟೊ ತೆಗೆದಾಗ ಅವು ಮರದ ಮೇಲೇ ಇದ್ದುದರಿಂದ ಅವನ್ನೂ ಮೊತ್ತಕ್ಕೆ ಸೇರಿಸಬೇಕಿತ್ತು.

ಎಣಿಕೆಯಲ್ಲೇ ಮೊದಲ ಜಗಳ ಶುರುವಾಯಿತು. ಒಂದೇ ಫೋಟೊದಲ್ಲಿ ಒಬ್ಬನಿಗೆ 96, ಇನ್ನೊಬ್ಬನಿಗೆ 103. ಎಳೆ ಹಸಿರು ಕಾಯಿ, ಕಡು ಹಸಿರು ಎಲೆ, ನಡುವೆ ನೆರಳು. ಎಲೆಯ ಅಂಚಿನಲ್ಲಿ ಇಣುಕುವ ತುದಿಯನ್ನು ಒಬ್ಬ ಕಾಯಿ ಎಂದ, ಇನ್ನೊಬ್ಬ ಬಿಟ್ಟ. ಕೊನೆಗೆ ಮಕ್ಕಳೇ ಒಂದು ನಿಯಮ ಮಾಡಿದರು: ಅರ್ಧಕ್ಕಿಂತ ಹೆಚ್ಚು ಕಂಡರೆ ಮಾತ್ರ ಚುಕ್ಕೆ. ಎಲ್ಲ ಫೋಟೊಗಳನ್ನೂ ಅದೇ ಇಬ್ಬರು, ಅದೇ ನಿಯಮದಲ್ಲಿ ಮತ್ತೆ ಎಣಿಸಿದರು.

ಭಾನುವಾರ ಆಳುಗಳು ದೋಟಿಯಿಂದ ಕಿತ್ತಂತೆ ಮಕ್ಕಳು ಕ್ರೇಟಿಗೆ ತುಂಬುತ್ತ, ಐದಕ್ಕೊಂದು ಅಡ್ಡಗೆರೆ ಹಾಕುತ್ತ ಲೆಕ್ಕವಿಟ್ಟರು. ಮೊದಲ ಐದು ಮರಗಳ ಪಟ್ಟಿ ಹೀಗಾಯಿತು.

| ಮರ | ಪೂರ್ವದ ಫೋಟೊ | ಪಶ್ಚಿಮದ ಫೋಟೊ | ನಿಜವಾದ ಮೊತ್ತ |
|---|---|---|---|
| 1 | 96 | 58 | 262 |
| 2 | 118 | 66 | 314 |
| 3 | 62 | 71 | 208 |
| 4 | 140 | 83 | 371 |
| 5 | 44 | 57 | 179 |
| ಒಟ್ಟು | 460 | 335 | 1334 |

ಪಟ್ಟಿ ನೋಡಿದ ಕೂಡಲೇ ನನ್ನ 2 ಬಿದ್ದುಹೋಯಿತು. ಅದರಲ್ಲಿ ಎರಡು ತಪ್ಪುಗಳಿದ್ದವು. ಒಂದು, ಎರಡು ಬದಿಗಳು ಸಮ ಎಂದುಕೊಂಡಿದ್ದು. ಮೊದಲ ಮರದಲ್ಲಿ ಪೂರ್ವಕ್ಕೆ 96, ಪಶ್ಚಿಮಕ್ಕೆ 58. ಐದನೆಯದರಲ್ಲಿ ಅದು ತಿರುಗುಮುರುಗು. ಎರಡನೆಯದು ಇನ್ನೂ ದೊಡ್ಡದು: ಎರಡೂ ಬದಿ ಸೇರಿಸಿದರೆ ಮರ ಪೂರ್ತಿಯಾಯಿತು ಎಂದುಕೊಂಡಿದ್ದು. ಮೊದಲ ಮರದಲ್ಲಿ ಎರಡು ಫೋಟೊ ಸೇರಿ 154, ಕಿತ್ತಾಗ 262. ಕಡಿಮೆಯೆಂದರೂ 108 ಕಾಯಿ ಯಾವ ಬದಿಗೂ ಕಾಣದೆ ಕೊಂಬೆಗಳ ಒಳಗೆ, ಎಲೆಯ ಮರೆಯಲ್ಲಿ, ಮತ್ತೊಂದು ಕಾಯಿಯ ಹಿಂದೆ ಇದ್ದವು. ಹುಡುಗಿ ಕೇಳಿದ್ದು ಇವನ್ನೇ. ನಾನು ಮರವನ್ನು ಎರಡು ಮಗ್ಗುಲಿನ ಹಾಳೆಯಂತೆ ನೋಡಿದ್ದೆ. ಅದಕ್ಕೆ ಹೊಟ್ಟೆಯೂ ಇದೆ.

"ಕಡಿಮೆಯೆಂದರೂ" ಅಂದಿದ್ದಕ್ಕೆ ಕಾರಣವಿದೆ. ಉತ್ತರ, ದಕ್ಷಿಣದ ಅಂಚಿನಲ್ಲಿ ತೂಗುವ ಕೆಲವು ಕಾಯಿಗಳು ಎರಡೂ ಫೋಟೊಗಳಲ್ಲಿ ಬಂದಿರುತ್ತವೆ. ಅವು ಎರಡು ಸಲ ಎಣಿಕೆಯಾಗಿವೆ. ಅವನ್ನು ಹುಡುಕಿ ಕಳೆಯಬೇಕೇ ಎಂದು ಮಕ್ಕಳು ಕೇಳಿದರು. ಬೇಕಿಲ್ಲ ಎಂಬುದು ನನಗೂ ಅಲ್ಲೇ ಹೊಳೆಯಿತು. ಕಾಣದ ಕಾಯಿ, ಎರಡು ಸಲ ಕಂಡ ಕಾಯಿ, ನಾವು ಬಿಟ್ಟ ಅರೆಗಾಣುವ ಕಾಯಿ, ಇವೆಲ್ಲವೂ ನಾವು ಕಂಡುಹಿಡಿಯುವ ಗುಣಕದೊಳಗೇ ಸೇರಿಕೊಳ್ಳುತ್ತವೆ. ಷರತ್ತು ಒಂದೇ: ಗುಣಕ ಕಂಡುಹಿಡಿಯುವಾಗ ಹೇಗೆ ಎಣಿಸಿದೆವೋ ಅದನ್ನು ಬಳಸುವಾಗಲೂ ಹಾಗೆಯೇ ಎಣಿಸಬೇಕು. ದೂರ ಬದಲಾದರೆ, ಬೆಳಕು ಬದಲಾದರೆ, ಎಣಿಸುವವರ ನಿಯಮ ಬದಲಾದರೆ ಹಳೆಯ ಗುಣಕ ಕೆಲಸಕ್ಕೆ ಬಾರದು.

ಸೋಮವಾರ ತರಗತಿಯಲ್ಲಿ ಗುಣಕ ತೆಗೆದೆವು. ಪೂರ್ವದ ಒಂದೇ ಫೋಟೊ ಬಳಸಿದರೆ 1334 ÷ 460, ಅಂದರೆ ಸುಮಾರು 2.90. ಎರಡೂ ಫೋಟೊ ಸೇರಿದರೆ 1334 ÷ 795, ಸುಮಾರು 1.68. ಒಂದು ಗುಂಪು ಬೇರೆ ದಾರಿ ಹಿಡಿದಿತ್ತು. ಪ್ರತಿ ಮರಕ್ಕೂ ಮೊತ್ತವನ್ನು ಪೂರ್ವದ ಎಣಿಕೆಯಿಂದ ಭಾಗಿಸಿ, ಬಂದ ಐದು ಉತ್ತರಗಳ ಸರಾಸರಿ ತೆಗೆದು 3.09 ಎಂದರು. ಎರಡರಲ್ಲಿ ಯಾವುದು ಸರಿ? ಐದನೇ ಮರದಲ್ಲಿ ಕಂಡಿದ್ದು 44, ಇದ್ದಿದ್ದು 179, ಅಂದರೆ ಅದರ ಗುಣಕ 4.07. ಕಡಿಮೆ ಕಾಯಿಯ ಆ ಒಂದು ಮರ, 371 ಕಾಯಿ ಬಿಟ್ಟ ನಾಲ್ಕನೇ ಮರದಷ್ಟೇ ತೂಕದಿಂದ ಸರಾಸರಿಯನ್ನು ಮೇಲೆಳೆದಿತ್ತು. ನಮಗೆ ಬೇಕಾಗಿದ್ದು ತೋಟದ ಕಾಯಿಯ ಲೆಕ್ಕ. ಆದ್ದರಿಂದ ಮೊದಲು ಕೂಡಿ, ಆಮೇಲೆ ಭಾಗಿಸುವುದೇ ಸರಿ ಎಂದು ತೀರ್ಮಾನವಾಯಿತು.

ಕೊನೆಗೆ ಬೇರೆ ಇಟ್ಟಿದ್ದ ಮರ. ಹೊಸ ನಿಯಮದಲ್ಲಿ ಎಣಿಸಿದರೂ ಪೂರ್ವಕ್ಕೆ 84 ಬಂತು, ಪಶ್ಚಿಮಕ್ಕೆ 69. ಒಂದೇ ಫೋಟೊದ ಲೆಕ್ಕದಲ್ಲಿ 84 × 2.90, ಅಂದರೆ 244. ಎರಡು ಫೋಟೊದ ಲೆಕ್ಕದಲ್ಲಿ 153 × 1.68, ಅಂದರೆ 257. ಅಷ್ಟು ಹೊತ್ತೂ ಮುಚ್ಚಿಟ್ಟಿದ್ದ ನಿಜವಾದ ಸಂಖ್ಯೆಯನ್ನು ಹುಡುಗಿ ಓದಿದಳು: 247. ನನ್ನ ಮೊದಲ ದಿನದ 168ಕ್ಕೆ 79 ಕಾಯಿ ಕಡಿಮೆ ಬಿದ್ದಿತ್ತು. ಸುಮಾರು ಮೂರರಲ್ಲಿ ಒಂದು ಪಾಲು.

ಆಗ ಹಿಂದಿನ ಬೆಂಚಿನ ಹುಡುಗ ಎದ್ದು, "ಮಿಸ್, 244 ಹತ್ತಿರ ಬಂತಲ್ಲ, ಒಂದೇ ಫೋಟೊ ಸಾಕು" ಎಂದ. ನನ್ನ ಪಾಠ ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಎರಡು ಫೋಟೊವೇ ಗೆಲ್ಲುತ್ತದೆ ಎಂದು ನಾನು ಬರೆದುಕೊಂಡಿದ್ದೆ. ಮೊದಲ ದಿನದ ಹಾಗೆ ದಾಟಿಸದೆ, ಹಿಂದಿನ ಐದು ಮರಗಳಿಗೂ ಎರಡೂ ಗುಣಕ ಹಾಕಿ ನೋಡಿ ಎಂದೆ. ಒಂದು ಫೋಟೊದ ಲೆಕ್ಕ ಐದನೇ ಮರದಲ್ಲಿ 51 ತಪ್ಪಿತು, ನಾಲ್ಕನೆಯದರಲ್ಲಿ 35, ಕಡಿಮೆಯೆಂದರೆ 16. ಎರಡು ಫೋಟೊದ ಲೆಕ್ಕ ಎಲ್ಲಿಯೂ 15ಕ್ಕಿಂತ ಹೆಚ್ಚು ತಪ್ಪಲಿಲ್ಲ. ಹುಡುಗ ತಾನೇ ಹೇಳಿದ: "ಹಂಗಾದ್ರೆ 244 ಬಂದಿದ್ದು ಅದೃಷ್ಟ." ಆ ಐದು ಮರಗಳ ಎರಡು ಫೋಟೊ ಗುಣಕಗಳು 1.56ರಿಂದ 1.77ರವರೆಗೆ ಹರಡಿದ್ದವು. ಆದ್ದರಿಂದ ಆರನೇ ಮರಕ್ಕೆ 257 ಎಂದು ಒಂದೇ ಸಂಖ್ಯೆ ಹೇಳುವುದಕ್ಕಿಂತ "239ರಿಂದ 271ರೊಳಗೆ" ಎನ್ನುವುದು ಪ್ರಾಮಾಣಿಕ ಉತ್ತರ. 247 ಅದರೊಳಗೇ ಇದೆ.

ಆ ಸಂಜೆ ಹುಡುಗಿಯ ಅಪ್ಪ ರಸ್ತೆಯಲ್ಲಿ ಸಿಕ್ಕರು. "ಅಮ್ಮ, ಬರೋ ವರ್ಷ ಗುತ್ತಿಗೆಗೆ ಕೊಡೋ ಮುಂಚೆ ಇದೇ 1.68 ಹಾಕಿ ನೋಡಬಹುದಾ?" ಎಂದು ಕೇಳಿದರು. ಹೌದು ಎನ್ನಬೇಕೆನಿಸಿತು, ಆದರೆ ಹೇಳಲಿಲ್ಲ. ಆ ಸಂಖ್ಯೆ ಈ ವರ್ಷದ, ಈ ತೋಟದ, ತೋತಾಪುರಿಯದು. ಮುಂದಿನ ವರ್ಷ ಕೊಂಬೆ ಕತ್ತರಿಸಿದರೆ ಒಳಗಿನ ಕಾಯಿ ಹೆಚ್ಚು ಕಾಣುತ್ತದೆ, ಗುಣಕ ಇಳಿಯುತ್ತದೆ. ಎಲೆ ದಟ್ಟವಾದರೆ ಏರುತ್ತದೆ. ಪಕ್ಕದ ಬಾದಾಮಿ ಮರಕ್ಕಂತೂ ಅದು ಹೊಂದುವುದೇ ಇಲ್ಲ. ಪ್ರತಿ ವರ್ಷ ನಾಲ್ಕೈದು ಮರಗಳನ್ನಾದರೂ ಪೂರ್ತಿ ಎಣಿಸಿ ಗುಣಕ ಹೊಸದಾಗಿ ತೆಗೆಯಬೇಕು ಎಂದೆ. "ಕೀಳೋಕ್ಕೆ ಮುಂಚೆ ಗುತ್ತಿಗೆ ಮಾತಾಡ್ತೀವಲ್ಲಮ್ಮ, ಎಣಿಸೋದು ಹೇಗೆ?" ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವರಲ್ಲಿತ್ತು. "ನಾವು ಬುಡದಲ್ಲಿ ನಿಂತು ಮೇಲೆ ನೋಡ್ತೀವಿ. ಒಂದೊಂದೇ ಕೊಂಬೆ ಹಿಡಿದು ಎಣಿಸ್ತೀವಿ." ಫೋಟೊಗೆ ಕಾಣದ ಹೊಟ್ಟೆಯನ್ನು ಅವರು ಒಳಗಿನಿಂದ ನೋಡುತ್ತಿದ್ದರು. ನಾಲ್ಕೈದು ಮರಗಳನ್ನು ಹಾಗೆ ನಿಧಾನವಾಗಿ ಎಣಿಸಿದರೆ ಗುಣಕಕ್ಕೆ ಬೇಕಾದ ಮೊತ್ತ ಬಹುಮಟ್ಟಿಗೆ ಸಿಗುತ್ತದೆ. ಉಳಿದ ಮರಗಳಿಗೆ ಫೋಟೊ ಸಾಕು.

ಈ ಪಾಠವನ್ನು ಪಾಠ ಯೋಜನೆಯಲ್ಲಿ ಮತ್ತೆ ಬರೆದಿದ್ದೇನೆ. ಈಗ ಅದು ಗುಣಾಕಾರದಿಂದ ಶುರುವಾಗುವುದಿಲ್ಲ, ಪೂರ್ತಿ ಎಣಿಸಿದ ಒಂದು ಮರದಿಂದ ಶುರುವಾಗುತ್ತದೆ. ಮೇಲ್ವಿಚಾರಕರ ಪ್ರಶ್ನೆಯ ಕೆಳಗೆ ಉತ್ತರವನ್ನೂ ಬರೆದಿದ್ದೇನೆ: "2 ನನ್ನ ತಲೆಯಿಂದ ಬಂತು. 1.68 ಮರದಿಂದ ಬಂತು."