ಎಂಟೂ ಮುಕ್ಕಾಲು ಅಂದ್ರೆ 8.45 ಅಲ್ಲ

ಎಂಟು ಗಂಟೆ ನಲವತ್ತೈದು ನಿಮಿಷ. ಇದನ್ನ ಅಂಕಿಯಲ್ಲಿ ಬರೀರಿ ಅಂದ್ರೆ ಕೈ ತಾನಾಗೇ 8.45 ಅಂತ ಬರೆದುಬಿಡುತ್ತೆ. ಮದುವೆ ಕಾರ್ಡಿನಲ್ಲಿ ಮುಹೂರ್ತ ಹಾಗೇ ಇರುತ್ತೆ, ಬಸ್ ಸ್ಟ್ಯಾಂಡಿನ ಬೋರ್ಡಿನಲ್ಲೂ ಹಾಗೇ. ಅದರಿಂದ ಯಾರಿಗೂ ನಷ್ಟ ಇಲ್ಲ, ಬಸ್ಸು ಹೇಗಿದ್ದರೂ ತಡವಾಗೇ ಬರೋದು. ತೊಂದರೆ ಶುರುವಾಗೋದು ಆ ಚುಕ್ಕಿಯನ್ನ ಯಾರಾದರೂ ಕ್ಯಾಲ್ಕುಲೇಟರಿಗೆ ಒತ್ತಿ, ದುಡ್ಡಿಂದ ಗುಣಿಸಿದಾಗ. ಕ್ಯಾಲ್ಕುಲೇಟರಿಗೆ ಗಡಿಯಾರ ಗೊತ್ತಿಲ್ಲ. ಚುಕ್ಕಿಯ ಮುಂದಿನ 45 ಅದಕ್ಕೆ ನೂರರಲ್ಲಿ ನಲವತ್ತೈದು, ಅರವತ್ತರಲ್ಲಿ ಅಲ್ಲ.

ಇದನ್ನ ನಾನು ತಲೆಗೆ ಹಚ್ಚಿಕೊಂಡಿದ್ದು ನಮ್ಮ ಕಾಕಾನ ಹಾಜರಿ ಚೀಟಿ ಕೈಗೆ ಬಂದ ಮೇಲೆ. ನಮ್ಮೂರು ಹುಮನಾಬಾದ್. ಹೈದರಾಬಾದ್ ಹೆದ್ದಾರಿಯಲ್ಲಿ ಹೋದವರಿಗೆ ಊರ ಹತ್ತಿರದ ಕೈಗಾರಿಕಾ ಪ್ರದೇಶ, ಅಲ್ಲಿನ ಕೆಮಿಕಲ್ ಫ್ಯಾಕ್ಟರಿಗಳ ವಾಸನೆ ನೆನಪಿರಬಹುದು. ಕಾಕಾ ಅಲ್ಲೊಂದು ಕಡೆ ಗುತ್ತೇದಾರನ ಕೈಕೆಳಗೆ ಕೆಲಸ ಮಾಡ್ತಾನೆ. ಪಗಾರ ತಾಸಿನ ಲೆಕ್ಕ, ತಾಸಿಗೆ 80 ರೂಪಾಯಿ. ವಾರಕ್ಕೆ 48 ತಾಸು ದಾಟಿದ ಮೇಲೆ ಓಟಿ, ಅಂದ್ರೆ ಎರಡರಷ್ಟು, 160. ಓಟಿಗೆ ದುಪ್ಪಟ್ಟು ಕೊಡಬೇಕು ಅನ್ನೋದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದ್ದ ಮಾತು. ಗುತ್ತೇದಾರ ಅದನ್ನ ಕೊಡ್ತಿದ್ದ ಕೂಡ. ಅದಕ್ಕೇ ಕಾಕಾನಿಗೆ ಯಾರ ಮೇಲೆ ಸಿಟ್ಟಾಗಬೇಕು ಅಂತ ಗೊತ್ತಾಗಿರಲಿಲ್ಲ.

"ತಮ್ಮಾ, ನನ್ನ ಲೆಕ್ಕಕ್ಕ ವಾರಕ್ಕ ಸಾವಿರದ್ ಮ್ಯಾಲ ಓಟಿ ಆಗಬೇಕು. ಒಂಬೈನೂರಾ ಚಿಲ್ಲರ ಬರ್ತದ. ಎಲ್ಲಿ ಹೋಗ್ತದ ನೋಡು," ಅಂದ.

ಚೀಟಿಯಲ್ಲಿ ಸೋಮವಾರದಿಂದ ಶನಿವಾರದ ತನಕ ಊಟದ ಹೊತ್ತು ಕಳೆದು ಬರೆದ ತಾಸುಗಳಿದ್ದವು: 8.45, 9.50, 8.40, 9.35, 8.55, 9.45. ಕೆಳಗೆ ಗೆರೆ ಎಳೆದು ಒಟ್ಟು 53.70. ಅದರಲ್ಲಿ 48 ಕಳೆದು 5.70 ಓಟಿ, 160ರಿಂದ ಗುಣಿಸಿ 912 ರೂಪಾಯಿ. ಕೂಡಿಸಿದ್ದು ಸರಿ, ಕಳೆದಿದ್ದು ಸರಿ, ಗುಣಾಕಾರವೂ ಸರಿ. ಮೂರು ಸಲ ಕ್ಯಾಲ್ಕುಲೇಟರ್ ಒತ್ತಿದರೂ ಅದೇ ಉತ್ತರ.

ಈಗ ಚುಕ್ಕಿಯನ್ನ ಮರೆತು ತಾಸು ಬೇರೆ, ನಿಮಿಷ ಬೇರೆ ಕೂಡಿಸೋಣ. ತಾಸುಗಳು 8, 9, 8, 9, 8, 9, ಒಟ್ಟು 51. ನಿಮಿಷಗಳು 45, 50, 40, 35, 55, 45, ಒಟ್ಟು 270. ಆ 270ನ್ನ 60ರಿಂದ ಭಾಗಿಸಿದರೆ ನಾಲ್ಕೂವರೆ ತಾಸು. ಅಲ್ಲಿಗೆ ಕಾಕಾ ದುಡಿದಿದ್ದು 55.5 ತಾಸು. ಓಟಿ 7.5 ತಾಸು, ದುಡ್ಡು 1,200 ರೂಪಾಯಿ. ಒಂದು ವಾರಕ್ಕೆ 288 ರೂಪಾಯಿ ವ್ಯತ್ಯಾಸ. ಯಾರೂ ಕದ್ದಿಲ್ಲ, ಒಂದು ಚುಕ್ಕಿ ತಿಂದಿದೆ.

ಎಷ್ಟು ತಿಂದಿದೆ ಅನ್ನೋದಕ್ಕಿಂತ ಯಾವ ಕಡೆಗೆ ತಿಂದಿದೆ ಅನ್ನೋದು ನನಗೆ ಮುಖ್ಯ ಅನಿಸಿತು. ಸಾಮಾನ್ಯವಾಗಿ ಲೆಕ್ಕದ ತಪ್ಪುಗಳು ಒಮ್ಮೆ ಆಚೆ ಒಮ್ಮೆ ಈಚೆ ವಾಲುತ್ತವೆ, ವರ್ಷ ಕಳೆಯೋದರಲ್ಲಿ ಹೆಚ್ಚುಕಮ್ಮಿ ಸರಿಹೋಗುತ್ತವೆ. ಇದು ಹಾಗಲ್ಲ. ನಿಮಿಷವನ್ನ ಚುಕ್ಕಿ ಮುಂದೆ ಬರೆದಾಗ ಅರವತ್ತನೇ ಒಂದು ಭಾಗ ಆಗಬೇಕಾದ್ದು ನೂರನೇ ಒಂದು ಭಾಗ ಆಗುತ್ತೆ. ಅಂದ್ರೆ ಪ್ರತಿ ನಿಮಿಷವೂ ಸ್ವಲ್ಪ ಚಿಕ್ಕದಾಗುತ್ತೆ, ಯಾವತ್ತೂ ದೊಡ್ಡದಾಗಲ್ಲ. ಚುಕ್ಕಿ ಮುಂದಿನ ಪ್ರತಿ 60 ನಿಮಿಷಕ್ಕೆ 24 ನಿಮಿಷ ಮಾಯ. ಕಾಕಾನ 270 ನಿಮಿಷದಲ್ಲಿ ಹೀಗೆ 108 ನಿಮಿಷ ಹೋಯಿತು. ಆ ನಿಮಿಷಗಳು ಯಾವಾಗಲೂ ದುಡಿದವನ ಜೇಬಿನಿಂದಲೇ ಹೋಗೋದು. ಅದರ ಮೇಲೆ, ಮೊದಲ 48 ತಾಸು ಹೇಗೂ ತುಂಬಿರುತ್ತೆ, ಹಾಗಾಗಿ ನಷ್ಟವೆಲ್ಲ ಬಂದು ಬೀಳೋದು ದುಪ್ಪಟ್ಟು ದರದ ಓಟಿ ಮೇಲೆ.

ಇದನ್ನ ಹಿಡಿಯೋದು ಕಷ್ಟವೇನಲ್ಲ. ಚೀಟಿಯ ಆ ಕಾಲಂನಲ್ಲಿ ಚುಕ್ಕಿಯ ಮುಂದಿನ ಅಂಕಿ ಎಲ್ಲಾದರೂ 59 ದಾಟಿದೆಯಾ ನೋಡಿ. ನಿಜವಾದ ದಶಮಾಂಶ ಆಗಿದ್ದರೆ .75, .83, .92 ಇಂಥವು ಸಿಗಲೇಬೇಕು. ತಿಂಗಳ ಚೀಟಿಯಲ್ಲಿ ಒಂದೂ ಸಿಗಲಿಲ್ಲ ಅಂದ್ರೆ ಅಲ್ಲಿರೋದು ನಿಮಿಷಗಳೇ. ಆದರೆ ಒಟ್ಟಿನ ಸಾಲಿನಲ್ಲಿ ಮಾತ್ರ 53.70 ಥರದ್ದು ಕಾಣುತ್ತೆ. ಎಪ್ಪತ್ತು ನಿಮಿಷ ಅಂತ ಯಾವ ಗಡಿಯಾರದಲ್ಲಿದೆ? ಕೆಲವರು ಇದನ್ನ 53 ತಾಸು 70 ನಿಮಿಷ ಅಂತ ಓದಿ, 54 ತಾಸು 10 ನಿಮಿಷ ಅಂತ ತಿದ್ದಿ ಸಮಾಧಾನ ಪಟ್ಟುಕೊಳ್ತಾರೆ. ಅದೂ ತಪ್ಪೇ. ಕೂಡಿಸುವಾಗ ನೂರಾದಾಗ ದಶಕ ದಾಟಿಸಿದ್ದಾಗಿದೆ, ಅರವತ್ತಕ್ಕೆ ದಾಟಿಸಬೇಕಿತ್ತು. ಹಾಗೆ ದಾಟಿದ ಒಂದೊಂದು ಸಲಕ್ಕೂ 40 ನಿಮಿಷ ಹೋಗಿದೆ, ಇಲ್ಲಿ ಎರಡು ಸಲ ದಾಟಿದೆ.

ಗುತ್ತೇದಾರನ ಕಡೆ ಲೆಕ್ಕ ಬರೆಯೋ ಹುಡುಗನ ಹತ್ತಿರ ಕಾಕಾನ ಜೊತೆ ಹೋದೆ. ಕೆಟ್ಟವನಲ್ಲ ಪಾಪ, ಹೊಸದಾಗಿ ಸೇರಿದವನು. ಮೊದಲು ಒಪ್ಪಲಿಲ್ಲ. "ಕ್ಯಾಲ್ಕುಲೇಟರ್ ಸುಳ್ಳ ಹೇಳ್ತದೇನ್ರಿ ಸರ್?" ಅಂದ. ನಾನು 60ರಿಂದ ಭಾಗಿಸಿ ತೋರಿಸೋಕೆ ಪೆನ್ನು ತೆಗೆದೆ. ಅಷ್ಟರಲ್ಲಿ ಕಾಕಾನೇ ಮಾತಾಡಿದ.

"ತಮ್ಮಾ, ಹನ್ನೆರಡಾಣೆ ಅಂದ್ರ ಎಷ್ಟ್ ಪೈಸಾ?"

"ಎಪ್ಪತ್ತೈದು."

"ಹನ್ನೆರಡು ಪೈಸಾ ಯಾಕಲ್ಲ?"

ಹುಡುಗ ನಕ್ಕ. ಆಮೇಲೆ ನಗು ನಿಲ್ಲಿಸಿ ಚೀಟಿ ನೋಡಿದ.

ನಾನು ಇದಕ್ಕಿಂತ ಚೆನ್ನಾಗಿ ಹೇಳೋಕೆ ಆಗ್ತಿರಲಿಲ್ಲ. ರೂಪಾಯಿಗೆ ಹದಿನಾರಾಣೆ ಇದ್ದದ್ದು 1957ರ ಏಪ್ರಿಲ್ 1ರಿಂದ ನೂರು ನಯಾ ಪೈಸೆ ಆಯ್ತು. ಆಗ ಒಂದಾಣೆಗೆ ಆರು ಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು ಅಂತ ಜನ ಬದಲಾಯಿಸಿಕೊಂಡರು. ಹನ್ನೆರಡಾಣೆಯನ್ನ ಯಾರೂ 0.12 ರೂಪಾಯಿ ಅಂತ ಬರೆಯಲಿಲ್ಲ, ಬರೆದಿದ್ದರೆ ಬಜಾರಿನಲ್ಲಿ ಹೊಡೆದಾಟ ಆಗ್ತಿತ್ತು. ತಾಸಿಗೂ ಅದೇ ಕೆಲಸ. ಕಾಲು ತಾಸು ನಾಲ್ಕಾಣೆ, ಅರ್ಧ ತಾಸು ಎಂಟಾಣೆ, ಮುಕ್ಕಾಲು ತಾಸು ಹನ್ನೆರಡಾಣೆ: .25, .50, .75. ನಮ್ಮ ಮಾತಿನಲ್ಲಿ ಇದು ಮೊದಲಿಂದಲೂ ಇದೆ. ಬಾಯಲ್ಲಿ ನಾವು ಎಂಟೂ ಮುಕ್ಕಾಲು, ಒಂಬತ್ತೂವರೆ ಅಂತೀವಿ. ಹುಮನಾಬಾದಿನಲ್ಲಿ ಪೌಣೆ ಒಂಬತ್ತು ಅಂತಲೂ ಅಂತಾರೆ, ಒಂದೂವರೆಗೆ ದೀಡ್ ಅಂತಾರೆ. ಎಲ್ಲವೂ ಭಿನ್ನರಾಶಿಯ ಮಾತೇ. ಕಾಗದದ ಮೇಲೆ ಬಂದಾಗ ಮಾತ್ರ ಎಂಟೂ ಮುಕ್ಕಾಲು 8.45 ಆಗಿಬಿಡುತ್ತೆ.

ಕಾಲು, ಅರೆ, ಮುಕ್ಕಾಲಿನಲ್ಲಿ ಮುಗಿಯದ ನಿಮಿಷಗಳೂ ಇವೆ. 50 ನಿಮಿಷ ಅಂದ್ರೆ .8333 ಅಂತ ಮುಗಿಯದೆ ಓಡುತ್ತೆ, 40 ನಿಮಿಷ .6666. ಇವನ್ನ ದಿನಾ ಕತ್ತರಿಸಿ ಬರೆದರೆ ಮತ್ತೆ ಚಿಲ್ಲರೆ ಸೋರುತ್ತೆ. ಕಾಕಾನ ಅದೇ ವಾರವನ್ನ ಎರಡು ಅಂಕಿಗೆ ಸರಿಯಾಗಿ ಪೂರ್ಣಗೊಳಿಸಿದರೆ ಒಟ್ಟು 55.50 ಬರುತ್ತೆ, ಉಳಿದ ಅಂಕಿಗಳನ್ನ ಸುಮ್ಮನೆ ಕಿತ್ತು ಹಾಕಿದರೆ 55.48. ಒಂದೇ ಅಂಕಿಗೆ ಪೂರ್ಣಗೊಳಿಸಿದರೆ 55.6 ಆಗಿ ಗುತ್ತೇದಾರನಿಗೆ 16 ರೂಪಾಯಿ ನಷ್ಟ. ಅದಕ್ಕೇ ನಾನು ಹುಡುಗನಿಗೆ ಹೇಳಿದ್ದು ಇಷ್ಟೇ: ದಿನಾ ಬದಲಾಯಿಸೋಕೆ ಹೋಗಬೇಡ. ತಾಸಿಗೊಂದು ಕಾಲಂ, ನಿಮಿಷಕ್ಕೊಂದು ಕಾಲಂ ಮಾಡು. ವಾರದ ಕೊನೆಗೆ ನಿಮಿಷದ ಒಟ್ಟನ್ನ ಒಂದೇ ಸಲ 60ರಿಂದ ಭಾಗಿಸಿ ತಾಸಿಗೆ ಸೇರಿಸು. ದರದಿಂದ ಗುಣಿಸೋದು ಅದಾದ ಮೇಲೆ.

ನಮ್ಮ ನಿಮ್ಮಂಥ ಲ್ಯಾಪ್‌ಟಾಪ್ ಜನಕ್ಕೆ ಎಕ್ಸೆಲ್ ಇದೆಯಲ್ಲ ಅಂತ ಅನಿಸಬಹುದು. ಇದೆ, ಅದರ ಗುಂಡಿಗಳು ಬೇರೆ. 8:45 ಅಂತ ಎರಡು ಚುಕ್ಕಿ ಹಾಕಿ ಟೈಪ್ ಮಾಡಿದರೆ ಎಕ್ಸೆಲ್ ಅದನ್ನ ತಾಸಾಗಿ ಇಟ್ಟುಕೊಳ್ಳಲ್ಲ, ದಿನದ ಒಂದು ಭಾಗವಾಗಿ ಇಟ್ಟುಕೊಳ್ಳುತ್ತೆ. 24 ತಾಸು ಅದಕ್ಕೆ 1. ಹಾಗಾಗಿ 55:30ನ್ನ ನೇರ 80ರಿಂದ ಗುಣಿಸಿದರೆ ವಾರದ ಪಗಾರ 185 ರೂಪಾಯಿ ಅನ್ನುತ್ತೆ. ಇದು ಗದ್ದಲದ ತಪ್ಪು, ನೋಡಿದ ತಕ್ಷಣ ಗೊತ್ತಾಗುತ್ತೆ. ಮೊದಲು 24ರಿಂದ ಗುಣಿಸಬೇಕು. ಇನ್ನೊಂದು, ಒಟ್ಟಿನ ಸೆಲ್ಲಿಗೆ `[h]:mm` ಫಾರ್ಮ್ಯಾಟ್ ಕೊಡದೆ ಬರೀ `h:mm` ಕೊಟ್ಟರೆ ಪೂರ್ತಿ ದಿನಗಳನ್ನ ನುಂಗಿ 55:30 ಬದಲು 7:30 ತೋರಿಸುತ್ತೆ. ಕಾಕಾನ ವಾರದಲ್ಲಿ ಅದು ಆಕಸ್ಮಿಕವಾಗಿ ಓಟಿಯ ತಾಸಿಗೇ ಸಮ, ಅದನ್ನ ನೋಡಿ ಮೋಸ ಹೋಗಬೇಡಿ. ಈಗಾಗಲೇ 8.45 ಅಂತ ಚುಕ್ಕಿ ಹಾಕಿ ತುಂಬಿಟ್ಟ ಹಳೇ ಶೀಟಿದ್ದರೆ ಇದು ಸಾಕು:

```
=DOLLARDE(B2,60)
```

ಹೆಸರು ವಿಚಿತ್ರ, ಭಿನ್ನರಾಶಿಯಲ್ಲಿ ಹೇಳುತ್ತಿದ್ದ ಷೇರು ಬೆಲೆಗಳಿಗೆ ಮಾಡಿದ್ದು. ಆದರೆ 8.45 ಕೊಟ್ಟರೆ 8.75 ಕೊಡುತ್ತೆ. ಒಂದೇ ಎಚ್ಚರಿಕೆ: ಒಂಬತ್ತು ತಾಸು ಐದು ನಿಮಿಷವನ್ನ ಯಾರಾದರೂ 9.5 ಅಂತ ಬರೆದಿದ್ದರೆ ಅದನ್ನ ಐವತ್ತು ನಿಮಿಷ ಅಂತಲೇ ಓದುತ್ತೆ. 9.05 ಬರೆದನೋ 9.5 ಬರೆದನೋ ಅನ್ನೋದಕ್ಕೆ ಮೂಲ ಹಾಜರಿ ಪುಸ್ತಕವನ್ನೇ ನೋಡಬೇಕು, ಫಾರ್ಮುಲಾಗೆ ಅದು ತಿಳಿಯಲ್ಲ.

ಆ ತಿಂಗಳ ನಾಲ್ಕು ವಾರದ್ದು ಮತ್ತೆ ಲೆಕ್ಕ ಹಾಕಿ ಕೊಟ್ಟರು. ಅದಕ್ಕಿಂತ ಹಿಂದಿನ ತಿಂಗಳ ಚೀಟಿಗಳನ್ನ ಕಾಕಾ ಇಟ್ಟುಕೊಂಡಿರಲಿಲ್ಲ, ಅವರೂ ಹುಡುಕಿ ತೆಗೆಯೋ ಉತ್ಸಾಹ ತೋರಿಸಲಿಲ್ಲ. ಈಗ ಪುಸ್ತಕದಲ್ಲಿ ನಿಮಿಷಕ್ಕೆ ಬೇರೆ ಕಾಲಂ ಇದೆ. ಗೇಟಿನ ಗಡಿಯಾರ ಹತ್ತು ನಿಮಿಷ ಹಿಂದಿದೆ ಅಂತ ಕಾಕಾನ ಹೊಸ ತಕರಾರು ಶುರುವಾಗಿದೆ. ಅದಕ್ಕೆ 60ರಿಂದ ಭಾಗಿಸಿದರೆ ಆಗಲ್ಲ.