ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಬ್ಲಾಗ್ ಕಡೆ ತಲೆ ಹಾಕದೆ ತಿಂಗಳ ಮೇಲಾಯ್ತು. ಇವತ್ತು ಬರೆಯುತ್ತಿರುವುದು ನನ್ನದೇ ಒಂದು ಎಡವಟ್ಟಿನ ಕಥೆ.

ನಮ್ಮಲ್ಲಿ ರಾತ್ರಿ ಓಡುವ ಒಂದು ಬ್ಯಾಚ್ ಜಾಬ್ ಇದೆ. ಎಷ್ಟು ರೆಕಾರ್ಡಿಗೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಮೊದಲೇ ಅಂದಾಜು ಮಾಡಿ, ಅದು ಮುಗಿಯುವ ಹೊತ್ತಿಗೆ ಮುಂದಿನ ಜಾಬ್ ಶುರುವಾಗುವ ಹಾಗೆ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಒಂದು ರಾತ್ರಿ 20 ಲಕ್ಷ ರೆಕಾರ್ಡ್ ಬಂತು. ನನ್ನ ಪ್ರೋಗ್ರಾಂ ಹೇಳಿದ್ದು: 3.6 ಸೆಕೆಂಡ್! ಮುಂದಿನ ಜಾಬ್ ತಕ್ಷಣ ಶುರುವಾಗಿ, ಎರಡೂ ಒಂದರ ಮೇಲೊಂದು ಬಿದ್ದು, ರಾತ್ರಿ ಎರಡು ಗಂಟೆಗೆ ನನ್ನ ಫೋನ್ ಹೊಡೆದುಕೊಂಡಿತು.

ಬೆಳಿಗ್ಗೆ ಟೀಮಿನ ಹಿರಿಯರೊಬ್ಬರು ಕೋಡ್ ನೋಡಿ ಕೇಳಿದರು, "ಏನಪ್ಪಾ, ಈ ಲ್ಯಾಮ್ಡಾ 1 ಅಂತ ಯಾಕೆ ಇಟ್ಟಿದ್ದೀಯ?"

"ಡೀಫಾಲ್ಟ್ ಸರ್" ಅಂದೆ.

"ಅದು ಡೀಫಾಲ್ಟ್ ಅಲ್ಲ ಮಾರಾಯ, ಅದು ನೀನು ಕೊಟ್ಟಿರೋ ಹೇಳಿಕೆ" ಅಂದು ಹೋಗಿಬಿಟ್ಟರು.

ಕೂತು ಲೆಕ್ಕ ಹಾಕಿದೆ. ನನ್ನ ಹತ್ತಿರ ಇದ್ದದ್ದು ಮೂರೇ ಅಳತೆ. 1, 2, 3 ಲಕ್ಷ ರೆಕಾರ್ಡಿಗೆ ಕ್ರಮವಾಗಿ 3, 3, 7 ನಿಮಿಷ. ಒಂದು ಲಕ್ಷಕ್ಕೆ w ನಿಮಿಷ ಅಂದುಕೊಳ್ಳಿ. ಯಾವ w ಇದ್ದರೆ ಈ ಅಳತೆಗಳು ಬರುವ ಸಂಭವ ಅತಿ ಹೆಚ್ಚು? ಇದು ಮ್ಯಾಕ್ಸಿಮಮ್ ಲೈಕ್ಲಿಹುಡ್. ಅಂದರೆ ಕಣ್ಣಾರೆ ಕಂಡದ್ದನ್ನಷ್ಟೇ ನಂಬುವುದು. ಅಳತೆಯ ತಪ್ಪುಗಳು ಗೌಸಿಯನ್ ಅಂದುಕೊಂಡರೆ ಇದು ನಮ್ಮ ಹಳೇ ಲೀಸ್ಟ್ ಸ್ಕ್ವೇರ್ಸೇ: 30/14, ಅಂದರೆ 2.14 ನಿಮಿಷ.

ಮ್ಯಾಪ್ ಕೇಳುವ ಪ್ರಶ್ನೆ ಬೇರೆ. ಈ ಅಳತೆಗಳನ್ನು ಕಂಡ ಮೇಲೆ ಯಾವ w ಅತಿ ನಂಬಲರ್ಹ? ಇದಕ್ಕೆ ಉತ್ತರಿಸಬೇಕಾದರೆ ಅಳತೆಗೆ ಮೊದಲೇ w ಬಗ್ಗೆ ನಮ್ಮ ನಂಬಿಕೆ ಏನಿತ್ತು ಅಂತ ಹೇಳಲೇಬೇಕು. ಅದೇ ಪ್ರಯರ್. ಸೊನ್ನೆಯ ಸುತ್ತ, ಟೌ ಅಷ್ಟು ಹರವಿರುವ ಗೌಸಿಯನ್ ಅಂತ ಹೇಳಿದೆವು ಅನ್ನಿ. ಲೈಕ್ಲಿಹುಡ್ಡನ್ನೂ ಪ್ರಯರನ್ನೂ ಗುಣಿಸಿ, ಲಾಗ್ ತೆಗೆದು, ಚಿಹ್ನೆ ತಿರುಗಿಸಿದರೆ ಕಡಿಮೆ ಮಾಡಬೇಕಾದದ್ದು ಇಷ್ಟೇ:

```
Σ(y - w*x)^2 + λ*w^2,   λ = σ^2 / τ^2
w = Σxy / (Σx^2 + λ)
```

ಗುರುತು ಸಿಕ್ಕಿತಾ? ಇದೇ ರಿಡ್ಜ್ ರಿಗ್ರೆಷನ್. ರೆಗ್ಯುಲರೈಸೇಷನ್ ಅಂತ ನಾವು ಸೇರಿಸುವ ಆ ದಂಡದ ತುಣುಕು ಪ್ರಯರಿನ ಲಾಗ್ ಅಷ್ಟೇ. (ಗೌಸಿಯನ್ ಬದಲು ಲಾಪ್ಲಾಸ್ ಇಟ್ಟರೆ ಲ್ಯಾಸೋ ಬರುತ್ತೆ.) ಸಿಗ್ಮಾ ಅಂದರೆ ಅಳತೆಯ ಗದ್ದಲ. ಅದು 2 ನಿಮಿಷ ಅಂದುಕೊಂಡರೆ, ಲ್ಯಾಮ್ಡಾ 1 ಅಂದಾಗ ಟೌ ಕೂಡ 2. ಅಂದರೆ "ಲಕ್ಷಕ್ಕೆ ಹೆಚ್ಚುಕಡಿಮೆ ಎರಡು ನಿಮಿಷದೊಳಗೆ, ಅಪರೂಪಕ್ಕೆ ನಾಲ್ಕು" ಅಂತ ನಾನು ಹೇಳಿದ ಹಾಗೆ. ಉತ್ತರ 30/15, ಸರಿಯಾಗಿ 2. ಪರವಾಗಿಲ್ಲ.

ಹಾಗಾದರೆ 3.6 ಸೆಕೆಂಡ್ ಎಲ್ಲಿಂದ ಬಂತು? ಹಿಂದಿನ ವಾರ ನಾನೇ ಆ ಕಾಲಂ ಅನ್ನು ಲಕ್ಷದಿಂದ ಕೋಟಿಗೆ ಬದಲಿಸಿದ್ದೆ! ಈಗ x 0.01, 0.02, 0.03. ಲೀಸ್ಟ್ ಸ್ಕ್ವೇರ್ಸ್ ಆಗಿದ್ದರೆ ಕೋಟಿಗೆ 214 ನಿಮಿಷ ಅನ್ನುತ್ತಿತ್ತು, ಏನೂ ಬದಲಾಗುತ್ತಿರಲಿಲ್ಲ. ನನ್ನ ಸೂತ್ರ ಕೊಟ್ಟದ್ದು 0.30/(0.0014+1), ಅಂದರೆ ಕೋಟಿಗೆ 0.3 ನಿಮಿಷ. ಲ್ಯಾಮ್ಡಾ ಅದೇ 1, ಆದರೆ ಅದರ ಅರ್ಥ ಈಗ "ಕೋಟಿಗೆ ಎರಡು ನಿಮಿಷದೊಳಗೆ" ಅಂತ ಆಗಿತ್ತು. ನಾನು ಕನಸಲ್ಲೂ ನಂಬದ ಮಾತು. ಪಾಪ, ಮೂರು ಅಳತೆಗಳು ಅಷ್ಟು ಗಟ್ಟಿ ನಂಬಿಕೆಯ ಎದುರು ಏನು ಮಾಡಿಯಾವು? ಅದೇ ನಂಬಿಕೆಯನ್ನು ಕೋಟಿಯಲ್ಲಿ ಹೇಳಬೇಕಾದರೆ ಟೌ ನೂರು ಪಟ್ಟು ಹಿಗ್ಗಬೇಕು, ಲ್ಯಾಮ್ಡಾ 0.0001 ಆಗಬೇಕು. ಆಗ 0.30/0.0015, ಕೋಟಿಗೆ 200 ನಿಮಿಷ. ಲಕ್ಷಕ್ಕೆ ಮತ್ತೆ 2!

`scikit-learn` ನ `Ridge` ನಲ್ಲಿ `alpha` ಅಂದರೆ ಇದೇ ಲ್ಯಾಮ್ಡಾ, ಡೀಫಾಲ್ಟ್ 1.0. ನನ್ನ ಲೆಕ್ಕ ಹಾಗೇ ಬರಬೇಕಾದರೆ `fit_intercept=False` ಕೊಡಿ. ಅನುಮಾನ ಬಂದರೆ ಒಂದು ಕಾಲಂನ ಯೂನಿಟ್ ಬದಲಿಸಿ ಮತ್ತೆ ಓಡಿಸಿ. ಉತ್ತರ ಅಲುಗಾಡಿದರೆ ಅಲ್ಲಿ ಮಾತಾಡುತ್ತಿರುವುದು ಅಳತೆ ಮಾತ್ರ ಅಲ್ಲ, ನಿಮ್ಮ ಪ್ರಯರ್ ಕೂಡ.

ಇನ್ನೊಂದು ವಿಷಯ. ಸೊನ್ನೆಯ ಸುತ್ತ ಅನ್ನುವುದೂ ಒಂದು ನಂಬಿಕೆಯೇ. ರೆಕಾರ್ಡುಗಳಿಗೆ ಸಮಯವೇ ಹಿಡಿಯುವುದಿಲ್ಲ ಅನ್ನುವ ಕಡೆಗೆ ಎಳೆಯುವುದು ಯಾವ ನ್ಯಾಯ? ಹಳೆಯ ಜಾಬುಗಳು ಲಕ್ಷಕ್ಕೆ ಸುಮಾರು ಒಂದೂವರೆ ನಿಮಿಷ ತೆಗೆದುಕೊಂಡದ್ದು ನನಗೆ ಗೊತ್ತಿತ್ತು. ದಂಡವನ್ನು `λ*(w - 1.5)^2` ಅಂತ ಬರೆದರೆ ಲಕ್ಷದ ಲೆಕ್ಕದಲ್ಲಿ (30+1.5)/15, ಅಂದರೆ 2.1. ಈಗ ಓಡುತ್ತಿರುವುದು ಇದೇ. ಅಳತೆಗಳು ಹೆಚ್ಚಿದಂತೆ ಭಾಗಾಕಾರದ ಕೆಳಗಿನ 14 ಬೆಳೆಯುತ್ತಾ ಹೋಗುತ್ತೆ, ಲ್ಯಾಮ್ಡಾ 1 ಅಲ್ಲೇ ಇರುತ್ತೆ. ನನ್ನ ನಂಬಿಕೆ ತಾನಾಗಿ ಹಿಂದೆ ಸರಿಯುತ್ತೆ.

ಆದರೂ ಮ್ಯಾಪ್ ಕೊಡುವುದು ಒಂದೇ ಒಂದು ಸಂಖ್ಯೆ. 2.1 ಅನ್ನುತ್ತೆ, ಎಷ್ಟು ಖಾತ್ರಿ ಅಂತ ಹೇಳಲ್ಲ. ಅದಕ್ಕೇ ಮುಂದಿನ ಜಾಬಿಗೆ ಹತ್ತು ನಿಮಿಷ ಹೆಚ್ಚೇ ಬಿಟ್ಟಿದ್ದೇನೆ. ಸದ್ಯ ನಿದ್ದೆ ಚೆನ್ನಾಗಿ ಬರ್ತಿದೆ :)