ದಿನಕ್ಕ ನೂರು ಕಿಲೋಮೀಟರ್ ಅಂದ್ರ ಎಷ್ಟು?

ಸ್ವೈಪ್ ಮಾಡಿ ಎರಡನೇ ಫೋಟೋ ನೋಡ್ರಿ. ಇಳಕಲ್ ಸೀರೆ ಅಲ್ಲ, ಅದು ಕೊನೆಯಲ್ಲಿ ಐತಿ. ಎರಡನೇದು ನಮ್ಮ ಕಾರ್ ಬಾಡಿಗೆ ಬಿಲ್. ಕೆಳಗೆ 6,806 ಅಂತ ಬರೆದಾರಲ್ಲ, ಇಳಕಲ್‌ನಿಂದ ಬರುವಾಗ ಮೀಟರ್ ನೋಡಿ ಲೆಕ್ಕ ಹಾಕಿ ನಾನು ಅವ್ವಗೆ ಹೇಳಿದ್ದು 5,912. ನಡುವಿನ 894 ರೂಪಾಯಿ ಎಲ್ಲಿಂದ ಬಂತು ಅಂತೀರಾ? ಅಕ್ಕನ ಮದುವೆ ಸೀರೆಗೆ ಗುಳೇದಗುಡ್ಡದ ಖಣದ ಕುಬಸ ಹೊಲಿಸೋಕೆ ಅಂತ ಅವ್ವ ಎತ್ತಿಟ್ಟಿದ್ದ ದುಡ್ಡಿನಿಂದ.

"ಬಿ.ಕಾಂ. ಓದ್ತಾಳ, ಲೆಕ್ಕ ಅಕಿನ ನೋಡ್ಲಿ" ಅಂತ ಪರ್ಸ್ ನನ್ನ ಕೈಗೆ ಕೊಟ್ಟಿದ್ರು. ಅದಕ್ಕೇ ಆ ರಾತ್ರಿ ನಂಗೆ ನಿದ್ದಿ ಬರಲಿಲ್ಲ.

ಆಗಿದ್ದು ಇಷ್ಟು. ಮೊದಲ ಲಗ್ನಪತ್ರಿಕೆ ಬನಶಂಕರಿಗೆ ಇಡಬೇಕು, ರಾತ್ರಿ ಬಾದಾಮಿಯಲ್ಲಿ ದೊಡ್ಡವ್ವನ ಮನೆಯಲ್ಲಿ ಉಳಿಯಬೇಕು, ಮರುದಿನ ಹುನಗುಂದದ ಮಾವನಿಗೆ ಪತ್ರಿಕೆ ಕೊಟ್ಟು ಇಳಕಲ್‌ಗೆ ಹೋಗಿ ಸೀರೆ ತಗೋಬೇಕು. ಅವ್ವ, ಅಕ್ಕ, ಅಜ್ಜಿ, ಚಿಕ್ಕಪ್ಪ, ನಾನು. ಏಳು ಸೀಟಿನ ಗಾಡಿ. ಗಾಡಿ ಮಾಲೀಕರು ಫೋನಿನಲ್ಲಿ ಹೇಳಿದ್ದು: "ದಿನಕ್ಕ 2,600, ನೂರು ಕಿಲೋಮೀಟರ್ ಫ್ರೀ, ಮುಂದ ಕಿಲೋಮೀಟರಿಗೆ 13, ಡ್ರೈವರ್ ಬಾಟಾ ರಾತ್ರಿಗೆ 400. ಡೀಸೆಲ್ ನಮ್ದ." ನಾನು "ಹೂಂ ರೀ" ಅಂದೆ. ಈ ನಾಲ್ಕು ಮಾತಿನಲ್ಲಿ ಕೇಳಬೇಕಾದ್ದು ಎಷ್ಟು ಉಳಿದಿತ್ತು ಅಂತ ಆಗ ಗೊತ್ತಾಗಲಿಲ್ಲ.

ಮೊದಲು ಕಿಲೋಮೀಟರ್. ಹೊರಡುವಾಗ ಮೀಟರ್ 48,310. ಬಾದಾಮಿಯಲ್ಲಿ ರಾತ್ರಿ ಗಾಡಿ ನಿಂತಾಗ 48,372. ಅಂದ್ರೆ ಮೊದಲ ದಿನ ಬರೀ 62. ಎರಡನೇ ದಿನ ಅಮೀನಗಡದ ಮೇಲೆ ಹುನಗುಂದ, ಇಳಕಲ್, ವಾಪಸ್ ಬಾಗಲಕೋಟೆ, ಮುಗಿದಾಗ 48,534. ಆ ದಿನ 162. ಎರಡೂ ಸೇರಿ 224.

ನನ್ನ ಲೆಕ್ಕ ಹೀಗಿತ್ತು: ಎರಡು ದಿನಕ್ಕೆ ಇನ್ನೂರು ಫ್ರೀ, ಹೆಚ್ಚಾಗಿದ್ದು 24, ಗುಣಿಸು 13, ಬಂತು 312. ಮಾಲೀಕರ ಲೆಕ್ಕ ಬೇರೆ. ಮೊದಲ ದಿನ ಓಡಿಸದೇ ಬಿಟ್ಟ 38 ಕಿಲೋಮೀಟರ್ ಅಲ್ಲಿಗೇ ಮುಗೀತು, ಮರುದಿನಕ್ಕೆ ಬರೋದಿಲ್ಲ. ಎರಡನೇ ದಿನದ ಹೆಚ್ಚಿಗೆ 62, ಅದಕ್ಕೆ 806. ಅದೇ ಗಾಡಿ, ಅದೇ ರೋಡು, ಅದೇ ರೇಟು. 494 ರೂಪಾಯಿ ಫರಕು. ನಮ್ಮ ಮೊಬೈಲ್ ಡೇಟಾ ಇದ್ದಂಗ ಅನ್ಕೊಳ್ರಿ: ದಿನಕ್ಕೆ ಇಂತಿಷ್ಟು ಜಿಬಿ ಅನ್ನೋ ಪ್ಯಾಕ್‌ನಲ್ಲಿ ಇವತ್ತು ಉಳಿದದ್ದು ನಾಳೆ ಸಿಗೋದಿಲ್ಲ, ತಿಂಗಳಿಗೆ ಇಷ್ಟು ಅನ್ನೋದರಲ್ಲಿ ಸಿಗ್ತದ. "ದಿನಕ್ಕ ನೂರು" ಅನ್ನೋ ಮಾತಿಗೆ ಎರಡೂ ಅರ್ಥ ಹೊಂದುತ್ತವೆ. ಮಾಲೀಕರು ಸುಳ್ಳು ಹೇಳಿದ್ರು ಅಂತ ಹೇಳಾಕ ಬರೋದಿಲ್ಲ. ನಾನು ಕೇಳಲಿಲ್ಲ, ಅವರು ಬಿಡಿಸಿ ಹೇಳಲಿಲ್ಲ.

ಇನ್ನೊಂದು. ಮೀಟರ್ ನಮ್ಮ ಮನೆ ಮುಂದೆ ಶುರು ಆಗೋದಿಲ್ಲ. ಗಾಡಿ ಶೆಡ್ ಬಿಟ್ಟಾಗಿಂದ ಶೆಡ್ ಸೇರೋವರೆಗೆ ಎಣಿಸ್ತಾರೆ. ಶೆಡ್ ನವನಗರದಲ್ಲಿ, ನಮ್ಮ ಮನೆ ವಿದ್ಯಾಗಿರಿಯಲ್ಲಿ. ನಮಗೆ ನಾಲ್ಕೈದು ಕಿಲೋಮೀಟರ್ ಮಾತು. ಆದ್ರೆ ನೀವು ಬಾದಾಮಿಯಲ್ಲಿದ್ದು ಬಾಗಲಕೋಟೆ ಗಾಡಿ ಕರೆಸಿದ್ರೆ, ನೀವು ಕೂಡೋಕೆ ಮುಂಚೆನೇ ಫ್ರೀ ಕಿಲೋಮೀಟರಿನ ದೊಡ್ಡ ಪಾಲು ಖಾಲಿ ಗಾಡಿ ತಿಂದಿರುತ್ತೆ.

ಈಗ ಬಾಟಾ. ಇದರಾಗ ನಮ್ಮ ಅವ್ವಂದೇ ಒಂದು ವಾದ. "ಅಂವ ನಮ್ಮ ದೊಡ್ಡವ್ವನ ಮನ್ಯಾಗ ರೊಟ್ಟಿ ಉಂಡಾನ, ಪಡಸಾಲ್ಯಾಗ ಮಲಗ್ಯಾನ. ಮತ್ಯಾಕ 400?" ಕೇಳೋಕೆ ಸರಿ ಅನ್ನಿಸ್ತದ. ಆದ್ರೆ ಬಾಟಾ ಬರೀ ಊಟದ ದುಡ್ಡಲ್ಲ, ಮನೆ ಬಿಟ್ಟು ಒಂದು ರಾತ್ರಿ ಹೊರಗೆ ಉಳಿದದ್ದಕ್ಕೆ ಕೊಡೋದು. ಉಂಡಿದ್ದು ನಮ್ಮ ಪ್ರೀತಿ, ಅದನ್ನ ಕಳೀಬಾರದು. ಅದನ್ನ ನಾನು ಒಪ್ಪಿದೆ. ನಂಗೆ ಸಿಟ್ಟು ಬಂದಿದ್ದು ಬಿಲ್ಲಿನಲ್ಲಿ ಬಾಟಾ ಎರಡು ಸಲ ಇದ್ದದ್ದಕ್ಕೆ. ಉಳಿದಿದ್ದು ಒಂದೇ ರಾತ್ರಿ!

ಮರುದಿನ ಮುಂಜಾನೆ ಬಿಲ್ ಹಿಡ್ಕೊಂಡು ಶೆಡ್ಡಿಗೆ ಹೋದೆ. ಮಾಲೀಕರು ಟ್ರಿಪ್ ಶೀಟ್ ತೆಗೆದು ತೋರಿಸಿದ್ರು. ಗಾಡಿ ಶೆಡ್ ಸೇರಿದ್ದು 10.20. "ತಂಗಿ, ರಾತ್ರಿ ಹತ್ತರ ಮ್ಯಾಲೆ ಗಾಡಿ ಓಡಿದ್ರ ಅದೂ ಒಂದು ರಾತ್ರಿನ. ಬೆಳಿಗ್ಗೆ ಆರರ ತನಕ." ನಾವು ಮನೆ ಮುಂದೆ ಇಳಿದದ್ದು 9.55ಕ್ಕೆ. ಕಿಲೋಮೀಟರಿನಂಗ ಹೊತ್ತು ಕೂಡ ಶೆಡ್ಡಿನ ಗಡಿಯಾರದ್ದು.

ಅಲ್ಲೇ ನಿಂತಿದ್ದ ಡ್ರೈವರ್ ಕಾಕಾನ ಮುಖ ನೋಡಿದೆ. ನೆನಪಾಯ್ತು. ಇಳಕಲ್ ಅಂಗಡಿ ಬಾಗಿಲಲ್ಲಿ ಅವರು ಎರಡು ಸಲ ಹೇಳಿದ್ರು, "ಅವ್ವಾರ, ಹತ್ತರೊಳಗ ಮುಟ್ಟಬೇಕ್ರಿ." ಒಳಗೆ ಅಕ್ಕ ಸೆರಗು ಹಿಡಿದು ಕನ್ನಡಿ ಮುಂದೆ ನಿಂತಿದ್ಲು, ಅಜ್ಜಿ ದಡಿ ಸಣ್ಣದಾಯ್ತು ಅಂತಿದ್ರು, ಮೂರು ತಾಸು ಹೋಯ್ತು. ಮೇಲೆ ಅಮೀನಗಡದಲ್ಲಿ ಕರದಂಟು ಬೇಕೇ ಬೇಕು ಅಂತ ಗಾಡಿ ನಿಲ್ಲಿಸಿದವಳು ನಾನೇ. ಆ 400ರ ಬಗ್ಗೆ ಬಾಯಿ ಮುಚ್ಚಿದೆ.

ಕಿಲೋಮೀಟರಿನ 494 ಮಾತ್ರ ಬಿಡಲಿಲ್ಲ. ಮೊದಲ ದಿನ ಸ್ಟೋರಿಗೆ ಅಂತ ತೆಗೆದಿದ್ದ ಡ್ಯಾಶ್‌ಬೋರ್ಡ್ ಫೋಟೋ ಇತ್ತು (ಮೂರನೇ ಫೋಟೋ ನೋಡ್ರಿ, ನನ್ನ ಅರ್ಧ ಮುಖ ಬಂದೈತಿ, ನಗಬ್ಯಾಡ್ರಿ). ಅದನ್ನ ತೋರಿಸಿ, "ಅಣ್ಣಾರ, ದಿನದ ಲೆಕ್ಕ ಬ್ಯಾರೆ ಬ್ಯಾರೆ ಅಂತ ಮೊದಲ ಹೇಳಿದ್ರ ನಾ ಬ್ಯಾರೆ ಪ್ಯಾಕೇಜ್ ಕೇಳ್ತಿದ್ದೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು 250 ವಾಪಸ್ ಕೊಟ್ರು.

ಆ ಬೇರೆ ಪ್ಯಾಕೇಜ್ ಯಾವುದು ಅಂದ್ರೆ, ಚಿಕ್ಕಪ್ಪನಿಗೆ ಇನ್ನೊಬ್ಬರು ಹೇಳಿದ್ದು: ದಿನಕ್ಕೆ 1,800, ಕಿಲೋಮೀಟರ್ ಎಷ್ಟಾದ್ರೂ ಆಗಲಿ, ಡೀಸೆಲ್ ನಿಮ್ಮದು. ನಾವು ಹೆದರಿ ಬಿಟ್ವಿ. ಮನೆಗೆ ಬಂದು ಕೂಡಿಸಿದೆ. ಲೀಟರಿಗೆ 16 ಕಿಲೋಮೀಟರ್ ಹಿಡಿದ್ರೆ 224ಕ್ಕೆ 14 ಲೀಟರ್. ಲೀಟರಿಗೆ 90 ಅಂತ ಇಟ್ಟರೆ 1,260. ಬಾಡಿಗೆ 3,600, ಬಾಟಾ ಎರಡೇ ಇರ್ಲಿ, 800. ಒಟ್ಟು 5,660. ನಾವು ಮೊದಲು ಕೊಟ್ಟಿದ್ದಕ್ಕಿಂತ 1,146 ಕಡಿಮೆ.

ಆದ್ರೆ ಇದರಲ್ಲೂ ಒಂದು ಗುಂಡಿ ಐತಿ. ಡೀಸೆಲ್ ಮುಳ್ಳು ಕೆಳಗಿದ್ದ ಗಾಡಿ ಕೊಟ್ಟು, ನೀವು ಟ್ಯಾಂಕ್ ತುಂಬಿಸಿ, 14 ಲೀಟರ್ ಸುಟ್ಟು ವಾಪಸ್ ಕೊಟ್ರೆ ಉಳಿದದ್ದೆಲ್ಲ ಅವರಿಗೆ. ಹೊರಡೋ ಮುಂಚೆ ಟ್ಯಾಂಕ್ ಫುಲ್ ಇರಬೇಕು, ಬಂದ ಮೇಲೆ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ ಆ ರಸೀದಿಯ ದುಡ್ಡಷ್ಟೇ ನಿಮ್ಮ ಖರ್ಚು ಆಗಬೇಕು. ಇನ್ನು ಹಳೇ ಗಾಡಿ ಲೀಟರಿಗೆ ಹತ್ತೇ ಕೊಟ್ರೆ ಆ ಲುಕ್ಸಾನೂ ನಿಮ್ಮದೇ.

ಮುಂದಿನ ವಾರ ಮದುವೆಗೆ ಬೀಗರ ಊರಿಗೆ ಎರಡು ಗಾಡಿ ಬೇಕು. ಅದೇ ಮಾಲೀಕರಿಗೆ ನಿನ್ನೆ ವಾಟ್ಸಾಪ್ ಮಾಡಿದೆ: "ಅಣ್ಣಾರ, ಫ್ರೀ ಕಿಲೋಮೀಟರ್ ಎರಡು ದಿನದ್ದು ಕೂಡಿಸಿ ಹಿಡೀಬೇಕು. ಮೀಟರ್ ಎಲ್ಲಿಂದ ಎಲ್ಲಿತನಕ? ರಾತ್ರಿ ಹತ್ತು ಅಂದ್ರ ನಾವು ಇಳಿಯೋ ಹೊತ್ತೋ, ಶೆಡ್ ಸೇರೋ ಹೊತ್ತೋ? ಡೀಸೆಲ್ ಯಾರದು? ಬರೆದು ಕಳಸ್ರಿ."

ನಾಲ್ಕು ತಾಸಾದ ಮೇಲೆ ಉತ್ತರ ಬಂತು. "ಕೂಡಿಸಿ ಹಿಡಿಯೂಣು. ಇಳಿಯೋ ಹೊತ್ತು. ಶೆಡ್ ಟು ಶೆಡ್. ಡೀಸೆಲ್ ನಮ್ದ. ತಂಗಿ, ನೀ ಯಾವ ಕಾಲೇಜು?"